ಒಂದು ಚೆಂಡು, ನಲವತ್ತು ಮಕ್ಕಳು

ಆಟದ ಪೀರಿಯಡ್ಡಿನಲ್ಲಿ ಸಣ್ಣ ಶಾಲೆಗಳ ಮೈದಾನವನ್ನು ದೂರದಿಂದ ನೋಡಿದರೆ ಗದ್ದಲವೋ ಗದ್ದಲ. ಹತ್ತಿರ ಹೋಗಿ ನೋಡಿದರೆ ಆಡುತ್ತಿರುವವರು ಹತ್ತು ಹನ್ನೆರಡು ಮಂದಿ. ಉಳಿದವರು ಕಾಂಪೌಂಡಿಗೆ ಒರಗಿ ತಮ್ಮ ಸರದಿಗಾಗಿ ಕಾಯುತ್ತಿರುತ್ತಾರೆ. ಜಾಗ ಸಾಲದು, ಸಾಮಾನಿಲ್ಲ ಎಂಬ ದೂರು ನಿಜವೇ. ಆದರೆ ಮಕ್ಕಳ ಆಟದ ಹೊತ್ತನ್ನು ನುಂಗುವುದು ಈ ಕಾಯುವಿಕೆ. ಅವಧಿಯ ಯೋಜನೆಯನ್ನು ಇದರ ಲೆಕ್ಕದಿಂದಲೇ ಶುರು ಮಾಡಬೇಕು.

ಉದಾಹರಣೆಗೆ ಒಂದು ಹಿರಿಯ ಪ್ರಾಥಮಿಕ ಶಾಲೆ. ಮೈದಾನ 25 ಮೀಟರ್ ಉದ್ದ, 15 ಮೀಟರ್ ಅಗಲ. ಏಳನೇ ತರಗತಿಯಲ್ಲಿ 40 ಮಕ್ಕಳು. ಸಾಮಾನೆಂದರೆ ಒಂದು ವಾಲಿಬಾಲ್, ಐದು ಸ್ಕಿಪ್ಪಿಂಗ್ ಹಗ್ಗ. ವಾರಕ್ಕೆ ನಲವತ್ತು ನಿಮಿಷದ ಎರಡು ಪೀರಿಯಡ್. ಜೂನ್‌ನಿಂದ ದಸರಾ ರಜೆಯವರೆಗೆ ಹದಿನಾರು ವಾರ ಎಂದುಕೊಂಡರೆ ಕಾಗದದ ಮೇಲೆ 32 ಪೀರಿಯಡ್ ಆಗುತ್ತವೆ. ಮಳೆ, ಪರೀಕ್ಷೆ, ಸ್ವಾತಂತ್ರ್ಯ ದಿನದ ತಾಲೀಮು ಕಳೆದರೆ 25 ದಕ್ಕಿದರೂ ಪುಣ್ಯ. ಯೋಜನೆ ಬರೆಯಬೇಕಾದದ್ದು ಈ ಇಪ್ಪತ್ತೈದಕ್ಕೆ.

ಮೊದಲ ಆರು ಪೀರಿಯಡ್ಡುಗಳಲ್ಲಿ ಯಾವ ದೊಡ್ಡ ಆಟವೂ ಬೇಡ. ಮಕ್ಕಳನ್ನು ಹತ್ತತ್ತರ ನಾಲ್ಕು ಗುಂಪು ಮಾಡಿ, ಮೈದಾನವನ್ನು ಸುಣ್ಣದ ಗೆರೆಯಿಂದ ನಾಲ್ಕು ಪಾಲು ಮಾಡಿದರೆ ಸಾಕು. ಒಂದು ಪಾಲಿನಲ್ಲಿ ಹಗ್ಗದಾಟ: ಇಬ್ಬರಿಗೊಂದು ಹಗ್ಗ, ಒಬ್ಬರು ಜಿಗಿದರೆ ಇನ್ನೊಬ್ಬರು ಎಣಿಸುತ್ತಾರೆ. ಇನ್ನೊಂದರಲ್ಲಿ ಮರಳು ತುಂಬಿದ ನೀರಿನ ಬಾಟಲಿಗಳನ್ನು ಹತ್ತು ಮೀಟರ್ ಅಂತರದಲ್ಲಿಟ್ಟು ಹೋಗಿಬರುವ ಓಟ. ಮೂರನೆಯದು ಗೋಡೆಯ ಪಕ್ಕ. ಸೀಮೆಸುಣ್ಣದ ವೃತ್ತಕ್ಕೆ ಬಟ್ಟೆ ಚೆಂಡಿನಿಂದ ಗುರಿ. ಹಳೆಯ ಕಾಲುಚೀಲಕ್ಕೆ ಚಿಂದಿ ತುರುಕಿ ಹೊಲಿದರೆ ಚೆಂಡಾಯಿತು, ತಗುಲಿದರೂ ನೋವಿಲ್ಲ, ಉರುಳಿ ರಸ್ತೆಗೂ ಹೋಗದು. ನಾಲ್ಕನೆಯದರಲ್ಲಿ ಒಂಟಿಕಾಲಿನ ಸಮತೋಲನ, ಕುಂಟುವುದು. ಆರು ನಿಮಿಷಕ್ಕೊಮ್ಮೆ ಸೀಟಿ ಊದಿದಾಗ ಗುಂಪುಗಳು ಪಾಲು ಬದಲಿಸುತ್ತವೆ. ಮೈ ಬಿಸಿ ಮಾಡಿಕೊಳ್ಳಲು, ಕೊನೆಗೆ ಒಂದು ಪುಟ್ಟ ಆಟ ಆಡಿ ಮೈ ಸಡಿಲಿಸಲು ಇನ್ನೂ ಹದಿನಾರು ನಿಮಿಷ ಉಳಿದಿರುತ್ತದೆ.

ಓಟದ ಗೆರೆ ಎಂದೂ ಗೋಡೆಯ ಬುಡದಲ್ಲಿ ಮುಗಿಯಬಾರದು. ಓಡಿ ಬಂದ ಮಗು ನಿಲ್ಲಲು ಕಡೇಪಕ್ಷ ಮೂರು ಮೀಟರ್ ಬೇಕು. ಸಣ್ಣ ಮೈದಾನದಲ್ಲಿ ಮೊಣಕೈ, ಹಲ್ಲುಗಳಿಗೆ ಪೆಟ್ಟು ಬೀಳುವುದು ಇಲ್ಲೇ.

ಏಳನೇ ಪೀರಿಯಡ್‌ನಿಂದ ಹದಿನೈದರವರೆಗೆ ಕಬಡ್ಡಿ. ಜೂನಿಯರ್ ಬಾಲಕಿಯರ ಅಂಕಣದ ಅಳತೆ 12 ಮೀಟರ್ ಉದ್ದ, 8 ಮೀಟರ್ ಅಗಲ. ಮೈದಾನದ ಉದ್ದಕ್ಕೆ ಎಳೆದರೆ ಒಂದೇ ಅಂಕಣ ಹಿಡಿಸುತ್ತದೆ. ಅಡ್ಡಲಾಗಿ ಎಳೆದು, ಉದ್ದವನ್ನು ಹತ್ತು ಮೀಟರಿಗೆ ಇಳಿಸಿದರೆ ಎರಡು ಅಂಕಣ ಕೂರುತ್ತವೆ. ನಡುವೆ, ಪಕ್ಕಗಳಲ್ಲಿ ಮೂರು ಮೂರು ಮೀಟರ್ ಬಿಡಲೂ ಜಾಗವಿದೆ. ಏಳೇಳು ಮಂದಿಯಂತೆ 28 ಮಕ್ಕಳು ಆಡುತ್ತಾರೆ. ಉಳಿದ ಹನ್ನೆರಡು ಮಂದಿಗೆ ಜಗಲಿಯಲ್ಲಿ ಹಗ್ಗ, ಎಂಟು ನಿಮಿಷಕ್ಕೊಮ್ಮೆ ಅದಲುಬದಲು. ಔಟಾದವರು ಕೂರುವ ನಿಯಮವನ್ನು ಇಲ್ಲಿ ಕೈಬಿಡಬೇಕು: ಮುಟ್ಟಿಸಿಕೊಂಡವರು ಅಂಕ ಕೊಟ್ಟು ಆಡುತ್ತಲೇ ಇರಲಿ. ಇಲ್ಲದಿದ್ದರೆ ಮೊದಲು ಔಟಾಗುವುದು ನಿಧಾನದ ಮಗು. ಹೆಚ್ಚು ಅಭ್ಯಾಸ ಬೇಕಾದದ್ದೂ ಅದಕ್ಕೇ. ಕಲ್ಲು ಆರಿಸದ ನೆಲದಲ್ಲಿ ಹಿಡಿತ ಕಲಿಸುವುದಂತೂ ಬೇಡವೇ ಬೇಡ, ಮುಟ್ಟಾಟದಷ್ಟಕ್ಕೇ ನಿಲ್ಲಿಸಬೇಕು.

ಕ್ರೀಡಾಕೂಟದ ದಿನಗಳು ಬರುವುದೂ ಇದೇ ಅವಧಿಯಲ್ಲಿ. ಶಾಲೆಯ ತಂಡದ ಹನ್ನೆರಡು ಮಂದಿ ಮೈದಾನವನ್ನೇ ಹಿಡಿದರೆ ಉಳಿದವರ ಆಗಸ್ಟ್ ಹೋದಂತೆಯೇ. ತಂಡದ ತಾಲೀಮು ಶಾಲೆ ಬಿಟ್ಟ ಮೇಲೆ ನಡೆಯಲಿ. ಮಲೆನಾಡು, ಕರಾವಳಿಯಲ್ಲಿ ಈ ಕ್ರಮವೇ ತಿರುಗುಮುರುಗಾಗಬೇಕು. ಮಳೆಯ ತಿಂಗಳುಗಳಲ್ಲಿ ಜಗಲಿಯ ಸೂರ್ಯನಮಸ್ಕಾರ, ಸಮತೋಲನ, ಕೋಲಾಟ, ಕೆಸರು ಆರಿದ ಮೇಲೆ ಕಬಡ್ಡಿ.

ಮುಂದಿನ ಆರು ಪೀರಿಯಡ್ ಎಸೆತ, ಹಿಡಿತ, ಲಗೋರಿಗೆ. ಕೊನೆಯ ನಾಲ್ಕು ಪರೀಕ್ಷೆಗೆ. ಖೇಲೋ ಇಂಡಿಯಾ ಮೌಲ್ಯಮಾಪನದಲ್ಲಿ ನಾಲ್ಕನೇ ತರಗತಿಯಿಂದ ಮೇಲಿನವರಿಗೆ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ ಇವೆ. 20 ಮೀಟರ್ ಉದ್ದ, 10 ಮೀಟರ್ ಅಗಲದ ಆಯತದ ಮೂಲೆಗಳಲ್ಲಿ ಬಾಟಲಿ ಇಟ್ಟರೆ ಒಂದು ಸುತ್ತು 60 ಮೀಟರ್, ಹತ್ತು ಸುತ್ತಿಗೆ 600. ಮೂಲೆಗಳಲ್ಲಿ ವೇಗ ಕುಗ್ಗುವುದರಿಂದ ಈ ಸಮಯವನ್ನು ಬೇರೆ ಶಾಲೆಯ ಟ್ರ್ಯಾಕಿನ ಸಮಯದ ಜತೆ ಹೋಲಿಸಬಾರದು. ಅದೇ ಮಗುವಿನ ಜೂನ್ ತಿಂಗಳ ಸಮಯದ ಜತೆ ಹೋಲಿಸಬಹುದು. ಐವತ್ತು ಮೀಟರಿನ ಓಟಕ್ಕೆ ಮಾತ್ರ ಇಲ್ಲಿ ಉಪಾಯವಿಲ್ಲ. ಅವಧಿಗೊಮ್ಮೆ ಹತ್ತಿರದ ಹೈಸ್ಕೂಲ್ ಮೈದಾನಕ್ಕೆ ಕರೆದೊಯ್ಯಲೇಬೇಕು.

ಯೋಜನೆ ನಡೆಯುತ್ತಿದೆಯೇ ಎಂದು ತಿಳಿಯಲು ಒಂದು ಗಡಿಯಾರ ಸಾಕು. ಪೀರಿಯಡ್ಡಿಗೊಬ್ಬರಂತೆ ಮೂರು ಮಕ್ಕಳನ್ನು, ಅದರಲ್ಲೊಬ್ಬರು ಹಿಂದಿನ ಸಾಲಿನವರಾಗಿರಲಿ, ಗಮನಿಸಿ ಅವರ ಮೈಕೈ ಎಷ್ಟು ನಿಮಿಷ ಆಡಿತೆಂದು ಬರೆದಿಟ್ಟುಕೊಳ್ಳಬೇಕು. ನಲವತ್ತರಲ್ಲಿ ಇಪ್ಪತ್ತಕ್ಕಿಂತ ಕಡಿಮೆಯಾದರೆ ಗುಂಪು ದೊಡ್ಡದಾಗಿದೆ, ಇಲ್ಲವೇ ಮೇಷ್ಟ್ರ ಮಾತು ಉದ್ದವಾಗಿದೆ.

ಊರಿನ ಶಾಲೆಗೆ ಆಟದ ಸಾಮಾನು ಕೊಡಿಸಲು ಹೊರಟ ಹಳೆಯ ವಿದ್ಯಾರ್ಥಿಗಳು ಕ್ರಿಕೆಟ್ ಕಿಟ್ಟಿನ ಆಸೆ ಬಿಟ್ಟು, ಇಪ್ಪತ್ತು ಸ್ಕಿಪ್ಪಿಂಗ್ ಹಗ್ಗ, ಒಂದು ಅಳತೆ ಟೇಪು, ಒಂದು ಸ್ಟಾಪ್‌ವಾಚ್ ಮತ್ತು ಎರಡು ಚೀಲ ಸುಣ್ಣದ ಪುಡಿ ತಂದುಕೊಡಲಿ.