ನೂರರ ಗೆರೆ: ಸಣ್ಣ ವಿಮಾ ಕಂಪನಿಯ ಲೆಕ್ಕ ಓದುವ ಬಗೆ

ವಾಹನ, ಆರೋಗ್ಯ, ಬೆಂಕಿ, ಸಾಗಣೆ ಮುಂತಾದ ವಿಮೆ ಮಾರುವ ಜನರಲ್ ಇನ್ಶೂರೆನ್ಸ್ ಕಂಪನಿಗೆ ಆದಾಯದ ಮೂಲ ಎರಡು. ಒಂದು, ಗ್ರಾಹಕರು ಕಟ್ಟುವ ಪ್ರೀಮಿಯಂ. ಇನ್ನೊಂದು, ಆ ಪ್ರೀಮಿಯಂ ಕ್ಲೇಮಿಗೆ ಖರ್ಚಾಗುವವರೆಗೆ ಬಾಂಡು, ಠೇವಣಿಗಳಲ್ಲಿ ದುಡಿದು ತರುವ ಬಡ್ಡಿ. ಕೊನೆಯ ಲಾಭದಲ್ಲಿ ಇವೆರಡೂ ಬೆರೆತಿರುತ್ತವೆ. ಯಾವ ಅಪಾಯವನ್ನು ಒಪ್ಪಿಕೊಳ್ಳಬೇಕು, ಅದಕ್ಕೆ ಎಷ್ಟು ಬೆಲೆ ಹೇಳಬೇಕು ಎಂದು ತೀರ್ಮಾನಿಸುವ ಕೆಲಸಕ್ಕೆ ಅಂಡರ್‌ರೈಟಿಂಗ್ ಎನ್ನುತ್ತಾರೆ. ಆ ಕೆಲಸ ಚೆನ್ನಾಗಿ ನಡೆದಿದೆಯೇ ಎಂದು ತಿಳಿಯಲು ಬಡ್ಡಿಯನ್ನು ಪಕ್ಕಕ್ಕಿಟ್ಟು ನೋಡಬೇಕು. ಅದಕ್ಕಿರುವ ಸಾಧನಗಳೇ ಕ್ಲೇಮ್ ಅನುಪಾತ ಮತ್ತು ಕಂಬೈಂಡ್ ಅನುಪಾತ.

ಕ್ಲೇಮ್ ಅನುಪಾತವನ್ನು ಕ್ಲೇಮ್ ಸೆಟಲ್‌ಮೆಂಟ್ ಅನುಪಾತದೊಂದಿಗೆ ಬೆರೆಸಬಾರದು. ಬಂದ ನೂರು ಕ್ಲೇಮುಗಳಲ್ಲಿ ಎಷ್ಟನ್ನು ಕಂಪನಿ ಇತ್ಯರ್ಥ ಮಾಡಿತು ಎಂಬುದನ್ನು ಎರಡನೆಯದು ಹೇಳುತ್ತದೆ. ಕ್ಲೇಮ್ ಅನುಪಾತ ಹೇಳುವುದು ಗಳಿಸಿದ ನೂರು ರೂಪಾಯಿ ಪ್ರೀಮಿಯಂನಲ್ಲಿ ಕ್ಲೇಮಿಗೆ ಎಷ್ಟು ಹೋಯಿತು ಎಂಬುದನ್ನು. ಇದಕ್ಕೆ ಕಮಿಷನ್ ಮತ್ತು ಆಡಳಿತ ವೆಚ್ಚದ ಅನುಪಾತವನ್ನು ಕೂಡಿಸಿದರೆ ಕಂಬೈಂಡ್ ಅನುಪಾತ ಸಿಗುತ್ತದೆ. ಅದು ಶೇ. 100ಕ್ಕಿಂತ ಕಡಿಮೆ ಇದ್ದರೆ ವಿಮೆಯ ವ್ಯವಹಾರವೇ ಲಾಭ ತಂದಿದೆ ಎಂದೂ, ಹೆಚ್ಚಿದ್ದರೆ ನಷ್ಟವಾಗಿದೆ ಎಂದೂ ಸ್ಥೂಲವಾಗಿ ಹೇಳಬಹುದು.

ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ನಿಯಮದಂತೆ ಪ್ರತಿ ಕಂಪನಿಯೂ ಈ ಅನುಪಾತಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಆದರೆ ಸಣ್ಣ ಕಂಪನಿಯ ವಿಷಯದಲ್ಲಿ ಅಲ್ಲಿ ಕಾಣುವ ಅಂಕಿಯನ್ನು ಇದ್ದ ಹಾಗೆಯೇ ನಂಬಿದರೆ ತೀರ್ಪು ತಪ್ಪಬಹುದು. ಅದು ಏಕೆಂದು ಒಂದು ಕಾಲ್ಪನಿಕ ಕಂಪನಿಯ ಒಂದು ವರ್ಷದ ಲೆಕ್ಕದಿಂದ ನೋಡಬಹುದು.

ಲೆಕ್ಕದ ಮೊದಲ ಸುತ್ತು

ಈ ಕಂಪನಿ ವರ್ಷದಲ್ಲಿ 500 ಕೋಟಿ ರೂಪಾಯಿ ಪ್ರೀಮಿಯಂ ಸಂಗ್ರಹಿಸಿತು. ದೊಡ್ಡ ನಷ್ಟಗಳನ್ನು ಒಬ್ಬಂಟಿಯಾಗಿ ಹೊರಲಾಗದ ಕಾರಣ ಅದರಲ್ಲಿ 100 ಕೋಟಿಯನ್ನು ಮರುವಿಮಾ ಕಂಪನಿಗಳಿಗೆ ಕೊಟ್ಟಿತು. ಉಳಿದ 400 ಕೋಟಿ ಅದರ ನಿವ್ವಳ ಪ್ರೀಮಿಯಂ.

ಈ 400 ಕೋಟಿಯನ್ನು ಪೂರ್ತಿ ಈ ವರ್ಷದ ಗಳಿಕೆ ಎನ್ನುವಂತಿಲ್ಲ. ಜನವರಿ 1ರಿಂದ ಜಾರಿಯಾಗುವ ಒಂದು ವರ್ಷದ ಪಾಲಿಸಿಗೆ 7,300 ರೂಪಾಯಿ ಪ್ರೀಮಿಯಂ ಎಂದುಕೊಂಡರೆ ದಿನಕ್ಕೆ 20 ರೂಪಾಯಿ ಬೀಳುತ್ತದೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಯುವಾಗ ಕಂಪನಿ ರಕ್ಷಣೆ ಕೊಟ್ಟಿರುವುದು 90 ದಿನಕ್ಕೆ ಮಾತ್ರ, ಗಳಿಸಿರುವುದು 1,800 ರೂಪಾಯಿ. ಮಿಕ್ಕ 5,500 ರೂಪಾಯಿ ಮುಂದಿನ ದಿನಗಳಿಗೆ ಮೀಸಲು. ನಮ್ಮ ಕಂಪನಿಯಲ್ಲಿ ಇಂಥ ಮೀಸಲು ವರ್ಷದ ಆರಂಭದಲ್ಲಿ 150 ಕೋಟಿ ಇತ್ತು, ಕೊನೆಯಲ್ಲಿ 190 ಕೋಟಿ ಆಯಿತು. ಹಾಗಾಗಿ ಗಳಿಸಿದ ಪ್ರೀಮಿಯಂ 400ಕ್ಕೆ 150 ಕೂಡಿಸಿ 190 ಕಳೆದರೆ ಬರುವ 360 ಕೋಟಿ.

ಕ್ಲೇಮಿನ ಲೆಕ್ಕವೂ ಇದೇ ಬಗೆಯದು. ವರ್ಷದಲ್ಲಿ ಮರುವಿಮೆಯ ಪಾಲು ಕಳೆದು ಪಾವತಿಸಿದ್ದು 200 ಕೋಟಿ. ಇನ್ನೂ ಕೊಡಬೇಕಾದ ಕ್ಲೇಮುಗಳ ಮೀಸಲು 220 ಕೋಟಿಯಿಂದ 290 ಕೋಟಿಗೆ ಏರಿತು. ಈ ಮೀಸಲಿನಲ್ಲಿ ದಾಖಲಾದ ಕ್ಲೇಮುಗಳ ಜೊತೆಗೆ, ಅಪಘಾತ ಆಗಿದ್ದರೂ ಕಂಪನಿಯ ಗಮನಕ್ಕೆ ಬಾರದ ಕ್ಲೇಮುಗಳ ಅಂದಾಜೂ ಸೇರಿರುತ್ತದೆ. ಆ ಅಂದಾಜು ಕಂಪನಿಯ ಆಕ್ಚುವರಿಯ ಹೊಣೆ. ಪಾವತಿಯ 200 ಕೋಟಿಗೆ ಮೀಸಲಿನಲ್ಲಾದ 70 ಕೋಟಿಯ ಏರಿಕೆ ಸೇರಿಸಿದರೆ ವರ್ಷದ ಕ್ಲೇಮ್ ಹೊರೆ 270 ಕೋಟಿ. ಅದನ್ನು 360ರಿಂದ ಭಾಗಿಸಿದಾಗ ಕ್ಲೇಮ್ ಅನುಪಾತ ಶೇ. 75.

ಇನ್ನು ವೆಚ್ಚ. ಏಜೆಂಟರಿಗೂ ಬ್ರೋಕರ್‌ಗಳಿಗೂ ಕೊಟ್ಟ ಕಮಿಷನ್ 60 ಕೋಟಿ, ಮರುವಿಮಾ ಕಂಪನಿಗಳಿಂದ ಬಂದ ಕಮಿಷನ್ 20 ಕೋಟಿ. ಅಂದರೆ ಕೈಯಿಂದ ಹೋದದ್ದು 40 ಕೋಟಿ. ಸಂಬಳ, ಬಾಡಿಗೆ, ಜಾಹೀರಾತು ಎಲ್ಲ ಸೇರಿ 88 ಕೋಟಿ. ಒಟ್ಟು 128 ಕೋಟಿಯನ್ನು ನಿವ್ವಳ ಪ್ರೀಮಿಯಂ 400ರಿಂದ ಭಾಗಿಸಿದರೆ ವೆಚ್ಚದ ಅನುಪಾತ ಶೇ. 32. ಎರಡನ್ನೂ ಕೂಡಿಸಿದಾಗ ಕಂಬೈಂಡ್ ಅನುಪಾತ ಶೇ. 107. ಪ್ರಕಟಣೆಯಲ್ಲಿ ಅಚ್ಚಾಗುವ ಅಂಕಿ ಇದೇ.

ಛೇದ ಎರಡಾದಾಗ

107 ಎಂದ ಮೇಲೆ ನೂರು ರೂಪಾಯಿಗೆ ಏಳು ರೂಪಾಯಿ ನಷ್ಟ ಎಂದುಕೊಳ್ಳುವುದು ಸಹಜ. ಆದರೆ ಲಾಭ-ನಷ್ಟದ ಖಾತೆ ಬೇರೆಯದನ್ನು ಹೇಳುತ್ತದೆ. ಗಳಿಸಿದ 360 ಕೋಟಿಯಲ್ಲಿ ಕ್ಲೇಮಿನ 270 ಕೋಟಿ, ವೆಚ್ಚದ 128 ಕೋಟಿ ಕಳೆದರೆ ನಷ್ಟ 38 ಕೋಟಿ. ಅದು ಗಳಿಸಿದ ಪ್ರೀಮಿಯಂನ ಶೇ. 10.6.

ಈ ಅಂತರಕ್ಕೆ ಕಾರಣ, ಕ್ಲೇಮನ್ನು ಗಳಿಸಿದ ಪ್ರೀಮಿಯಂನಿಂದಲೂ ವೆಚ್ಚವನ್ನು ಸಂಗ್ರಹಿಸಿದ ನಿವ್ವಳ ಪ್ರೀಮಿಯಂನಿಂದಲೂ ಭಾಗಿಸಿರುವುದು. ಕಮಿಷನ್ ಪಾಲಿಸಿ ಮಾರಿದಾಗಲೇ ಖರ್ಚಾಗುವುದರಿಂದ ವೆಚ್ಚಕ್ಕೆ ಸಂಗ್ರಹವನ್ನು ಆಧಾರ ಮಾಡಿಕೊಳ್ಳುವುದರಲ್ಲಿ ಅರ್ಥವಿದೆ. ವ್ಯಾಪಾರ ಏರಿಳಿತವಿಲ್ಲದೆ ನಡೆಯುವ ಹಳೆಯ ಕಂಪನಿಯಲ್ಲಿ ಎರಡು ಛೇದಗಳೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ವೇಗವಾಗಿ ಬೆಳೆಯುವ ಸಣ್ಣ ಕಂಪನಿಯಲ್ಲಿ ಸಂಗ್ರಹ ಗಳಿಕೆಗಿಂತ ಬಹಳ ಮುಂದಿರುತ್ತದೆ, ಆಗ ವೆಚ್ಚದ ಅನುಪಾತ ಹಗುರವಾಗಿ ಕಾಣುತ್ತದೆ. ಆದ್ದರಿಂದ ಕಂಬೈಂಡ್ ಅನುಪಾತದ ಪಕ್ಕದಲ್ಲಿ ಅಂಡರ್‌ರೈಟಿಂಗ್ ಲಾಭ-ನಷ್ಟವನ್ನು ಗಳಿಸಿದ ಪ್ರೀಮಿಯಂನೊಂದಿಗೆ ಹೋಲಿಸುವ ಅನುಪಾತವನ್ನೂ ಇಟ್ಟು ಓದಬೇಕು. ಕಂಪನಿಗಳು ಎನ್‌ಎಲ್-20 ಎಂಬ ನಮೂನೆಯಲ್ಲಿ ಅದನ್ನೂ ಕೊಡುತ್ತವೆ.

ಹಳೆಯ ವರ್ಷಗಳ ನೆರಳು

ಎರಡನೆಯ ತೊಡಕು ಕ್ಲೇಮ್ ಮೀಸಲಿನದು. ವರ್ಷದ ಆರಂಭದಲ್ಲಿದ್ದ 220 ಕೋಟಿ ಮೀಸಲು ಹಿಂದಿನ ವರ್ಷಗಳ ಅಪಘಾತಗಳಿಗೆ ಸೇರಿದ್ದು. ಆ ಹಳೆಯ ಕ್ಲೇಮುಗಳಿಗೆ ಈ ವರ್ಷ 70 ಕೋಟಿ ಪಾವತಿಯಾಯಿತು ಎನ್ನೋಣ. ಉಳಿದವುಗಳಿಗೆ 125 ಕೋಟಿ ಸಾಕೆಂದು ಕಂಪನಿ ಮರು ಅಂದಾಜು ಮಾಡಿತು. ಎರಡೂ ಸೇರಿ 195 ಕೋಟಿ. ಮೊದಲು ತೆಗೆದಿಟ್ಟಿದ್ದು 220 ಕೋಟಿಯಾದ್ದರಿಂದ 25 ಕೋಟಿ ಮಿಕ್ಕಿತು, ಅದು ಈ ವರ್ಷದ ಕ್ಲೇಮ್ ಹೊರೆಯನ್ನು ತಗ್ಗಿಸಿತು.

ಹಾಗಾದರೆ ಈ ವರ್ಷದ ಅಪಘಾತ, ಕಾಯಿಲೆ, ಬೆಂಕಿಗಳಿಗೇ ತಗುಲಿದ ಹೊರೆ 270 ಅಲ್ಲ, 295 ಕೋಟಿ. ಅದನ್ನು 360ರಿಂದ ಭಾಗಿಸಿದರೆ ಕ್ಲೇಮ್ ಅನುಪಾತ ಶೇ. 82ರ ಹತ್ತಿರ ನಿಲ್ಲುತ್ತದೆ. ಈ ವರ್ಷ ಹೇಳಿದ ಬೆಲೆ ಸರಿಯಿತ್ತೇ ಎಂಬ ಪ್ರಶ್ನೆಗೆ ಉತ್ತರ ಕೊಡುವುದು 75 ಅಲ್ಲ, 82.

ಮೀಸಲು ಮಿಗುವುದೇ ತಪ್ಪೆಂದಲ್ಲ. ಎಚ್ಚರದಿಂದ ಹೆಚ್ಚು ತೆಗೆದಿಡುವ ಕಂಪನಿಯಲ್ಲಿ ಪ್ರತಿ ವರ್ಷ ಸ್ವಲ್ಪ ಮಿಗುತ್ತದೆ. ಆದರೆ ವಾಹನಗಳ ಥರ್ಡ್ ಪಾರ್ಟಿ ವಿಮೆಯಲ್ಲಿ ಈ ಅಂದಾಜು ಬಹಳ ಕಷ್ಟ. ಗಾಯಾಳು ಅಥವಾ ಮೃತರ ಕುಟುಂಬ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತದೆ. ತೀರ್ಪಿಗೆ ವರ್ಷಗಳು ಹಿಡಿಯುತ್ತವೆ, ಮೇಲ್ಮನವಿಯಾದರೆ ಇನ್ನೂ ತಡ, ಕೊನೆಗೆ ಪರಿಹಾರದ ಜೊತೆಗೆ ಬಡ್ಡಿಯೂ ಸೇರುತ್ತದೆ. ಇವತ್ತು ಮೀಸಲು ಕಡಿಮೆ ಇಟ್ಟರೆ ಅನುಪಾತ ಇವತ್ತೇ ಚೆನ್ನಾಗಿ ಕಾಣುತ್ತದೆ, ಕೊರತೆ ಬಯಲಾಗುವುದು ಮೂರು ನಾಲ್ಕು ವರ್ಷಗಳ ಮೇಲೆ. ಇದನ್ನು ಪತ್ತೆ ಹಚ್ಚಲು ಕಂಪನಿ ಪ್ರಕಟಿಸುವ ನಷ್ಟಗಳ ಬೆಳವಣಿಗೆಯ ಪಟ್ಟಿಯನ್ನು ನೋಡಬೇಕು. ಒಂದು ವರ್ಷದ ಅಪಘಾತಗಳಿಗೆ ಮೊದಲು ಮಾಡಿದ ಅಂದಾಜು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು ಎಂಬುದು ಅದರಲ್ಲಿರುತ್ತದೆ. ಅಂದಾಜು ಮತ್ತೆ ಮತ್ತೆ ಮೇಲಕ್ಕೇ ಹೋಗುತ್ತಿದ್ದರೆ ಆ ಕಂಪನಿಯ ಇತ್ತೀಚಿನ ಅನುಪಾತಗಳನ್ನೂ ನಂಬುವುದು ಕಷ್ಟ.

ವಿಭಾಗಗಳನ್ನು ಬಿಡಿಸಿದಾಗ

ಮೂರನೆಯದು ಸರಾಸರಿಯೊಳಗೆ ಅಡಗಿರುವುದು. ಗಳಿಸಿದ 360 ಕೋಟಿಯಲ್ಲಿ ಥರ್ಡ್ ಪಾರ್ಟಿ ವಿಮೆಯದು 120 ಕೋಟಿ, ವಾಹನದ ಸ್ವಂತ ಹಾನಿಯದು 100, ಆರೋಗ್ಯದ್ದು 100, ಬೆಂಕಿ ಮೊದಲಾದವುಗಳದು 40. ಇವುಗಳ ಕ್ಲೇಮ್ ಹೊರೆ ಕ್ರಮವಾಗಿ 102, 68, 92 ಮತ್ತು 8 ಕೋಟಿ. ಅಂದರೆ ಅನುಪಾತಗಳು ಶೇ. 85, 68, 92 ಮತ್ತು 20.

ಇಲ್ಲಿ ಎರಡು ಅಂಕಿಗಳು ಎದ್ದು ಕಾಣುತ್ತವೆ. ಮಿಕ್ಕಿದ 25 ಕೋಟಿ ಮೀಸಲು ಪೂರ್ತಿ ಥರ್ಡ್ ಪಾರ್ಟಿಯದೇ ಆಗಿದ್ದರೆ ಆ ವಿಭಾಗದ ಈ ವರ್ಷದ ನಿಜವಾದ ಹೊರೆ 127 ಕೋಟಿ, ಅನುಪಾತ ಶೇ. 106. ವೆಚ್ಚ ಸೇರುವ ಮೊದಲೇ ಪ್ರೀಮಿಯಂ ಮುಗಿದಿದೆ. ಥರ್ಡ್ ಪಾರ್ಟಿ ದರವನ್ನು ಕೇಂದ್ರ ಸರ್ಕಾರ ನಿಗದಿ ಮಾಡುವುದರಿಂದ ಕಂಪನಿ ತಾನಾಗಿ ಬೆಲೆ ಏರಿಸುವಂತಿಲ್ಲ. ಯಾವ ಬಗೆಯ ವಾಹನ, ಯಾವ ಊರಿನ ವ್ಯಾಪಾರದ ಮೇಲೆ ಹೆಚ್ಚು ಗಮನ ಕೊಡಬೇಕು, ಸ್ವಂತ ಹಾನಿ ವಿಮೆಯಲ್ಲಿ ಎಷ್ಟು ರಿಯಾಯಿತಿ ಕೊಡಬೇಕು ಎಂಬುದಷ್ಟೇ ಅದರ ಕೈಯಲ್ಲಿದೆ.

ಇನ್ನೊಂದು, ಕೊನೆಯ ವಿಭಾಗದ ಶೇ. 20. ಅದು ಜಾಣತನದ ಫಲವಾಗಿರಬಹುದು, ಆ ವರ್ಷ ದೊಡ್ಡ ಬೆಂಕಿ ಬೀಳದ ಅದೃಷ್ಟವೂ ಆಗಿರಬಹುದು. ನಲವತ್ತು ಕೋಟಿಯ ವಿಭಾಗದಲ್ಲಿ ಎರಡು ಮೂರು ಗೋದಾಮುಗಳು ಸುಟ್ಟರೆ ಅನುಪಾತ ತಲೆಕೆಳಗಾಗುತ್ತದೆ. ಸಾವಿರಾರು ಕೋಟಿಯ ದೊಡ್ಡ ಕಂಪನಿಯಲ್ಲಿ ಅಂಥ ಘಟನೆ ಮೊತ್ತದಲ್ಲಿ ಕರಗಿಹೋಗುತ್ತದೆ, ಸಣ್ಣ ಕಂಪನಿಯಲ್ಲಿ ಹಾಗಾಗುವುದಿಲ್ಲ. ಅದಕ್ಕಾಗಿ ಐದು ವರ್ಷಗಳ ಸರಾಸರಿ ತೆಗೆದುಕೊಳ್ಳುವುದು ಮೇಲು. ಈ ವಿಭಾಗದ ಸರಾಸರಿ ಶೇ. 60 ಇದ್ದರೆ ಸಾಮಾನ್ಯ ವರ್ಷದ ಹೊರೆ 24 ಕೋಟಿ, ಈಗಿನದಕ್ಕಿಂತ 16 ಕೋಟಿ ಹೆಚ್ಚು. ಮೀಸಲಿನ 25 ಕೋಟಿಯನ್ನೂ ಈ 16 ಕೋಟಿಯನ್ನೂ ಸೇರಿಸಿದಾಗ ಕ್ಲೇಮ್ ಹೊರೆ 311 ಕೋಟಿ, ಕ್ಲೇಮ್ ಅನುಪಾತ ಶೇ. 86.4. ಪ್ರಕಟವಾದ 107ರ ಜಾಗದಲ್ಲಿ ಈಗ ಕಂಬೈಂಡ್ ಅನುಪಾತ 118ನ್ನು ದಾಟಿರುತ್ತದೆ.

ಮರುವಿಮೆಯ ಪರದೆ

ಮೇಲಿನ ಎಲ್ಲ ಅಂಕಿಗಳೂ ಮರುವಿಮೆಯ ನಂತರದವು. ಸಣ್ಣ ಕಂಪನಿ 50 ಕೋಟಿಯ ಕಾರ್ಖಾನೆಗೆ ವಿಮೆ ಕೊಟ್ಟು, ತನ್ನ ಪಾಲಿಗೆ 2 ಕೋಟಿ ಮಾತ್ರ ಇಟ್ಟುಕೊಂಡಿದ್ದರೆ, ಕಾರ್ಖಾನೆ ಪೂರ್ತಿ ಸುಟ್ಟರೂ ನಿವ್ವಳ ಕ್ಲೇಮಿನಲ್ಲಿ ಕಾಣುವುದು 2 ಕೋಟಿ. ಆದರೆ ಮರುವಿಮಾ ಕಂಪನಿಗಳು ಆ ನಷ್ಟವನ್ನು ಮರೆಯುವುದಿಲ್ಲ. ಒಪ್ಪಂದ ನವೀಕರಿಸುವಾಗ ದರ ಏರಿಸುತ್ತವೆ ಅಥವಾ ಕೊಡುವ ಕಮಿಷನ್ ತಗ್ಗಿಸುತ್ತವೆ. ನಮ್ಮ ಕಂಪನಿಗೆ ಬರುವ 20 ಕೋಟಿ ಕಮಿಷನ್ ಅರ್ಧಕ್ಕೆ ಇಳಿದರೆ ವೆಚ್ಚದ ಅನುಪಾತ ಶೇ. 32ರಿಂದ 34.5ಕ್ಕೆ ಏರುತ್ತದೆ. ಹಾಗಾಗಿ ಮರುವಿಮೆಗೆ ಮುಂಚಿನ ಕ್ಲೇಮ್ ಅನುಪಾತವನ್ನೂ ನೋಡಬೇಕು. ಅದು ಬಹಳ ಹೆಚ್ಚಿದ್ದು ನಿವ್ವಳ ಅನುಪಾತ ಕಡಿಮೆ ಇದ್ದರೆ, ಕಂಪನಿಯ ಸದ್ಯದ ಸ್ಥಿತಿ ಬೇರೆಯವರ ಸಹನೆಯ ಮೇಲೆ ನಿಂತಿದೆ ಎಂದರ್ಥ.

ಬಡ್ಡಿಯ ಆಸರೆ

ಈ ಕಂಪನಿ 600 ಕೋಟಿ ಹೂಡಿಕೆ ಇಟ್ಟುಕೊಂಡು ಶೇ. 7ರಂತೆ 42 ಕೋಟಿ ಗಳಿಸಿದರೆ, 38 ಕೋಟಿಯ ಅಂಡರ್‌ರೈಟಿಂಗ್ ನಷ್ಟ ತೀರಿ 4 ಕೋಟಿ ಲಾಭ ಉಳಿಯುತ್ತದೆ. ಬಡ್ಡಿ ಶೇ. 5ಕ್ಕೆ ಇಳಿದರೆ ಬರುವುದು 30 ಕೋಟಿ, ಆಗ 8 ಕೋಟಿ ನಷ್ಟ. ಥರ್ಡ್ ಪಾರ್ಟಿ ವಿಮೆಯ ಹಣ ವರ್ಷಗಟ್ಟಲೆ ಕಂಪನಿಯಲ್ಲೇ ಇರುವುದರಿಂದ ಆ ವಿಭಾಗದಲ್ಲಿ ನೂರನ್ನು ಸ್ವಲ್ಪ ಮೀರಿದ ಅನುಪಾತವನ್ನು ಬಡ್ಡಿ ತಾಳಿಕೊಳ್ಳುತ್ತದೆ. ಕೆಲವೇ ತಿಂಗಳಲ್ಲಿ ಕ್ಲೇಮ್ ತೀರುವ ಆರೋಗ್ಯ ವಿಮೆಗೆ ಆ ಅನುಕೂಲವಿಲ್ಲ. ಅಲ್ಲಿ ಶೇ. 92ರ ಕ್ಲೇಮ್ ಅನುಪಾತಕ್ಕೆ ವೆಚ್ಚ ಸೇರಿದ ಮೇಲೆ ದರ ಏರಿಸುವುದು ಅಥವಾ ವೆಚ್ಚ ತಗ್ಗಿಸುವುದು ಬಿಟ್ಟು ಬೇರೆ ದಾರಿಯಿಲ್ಲ.

ನಷ್ಟ ಮುಂದುವರಿದರೆ ಬಂಡವಾಳ ಕರಗುತ್ತದೆ. ಹೊಣೆಗಳಿಗೆ ಹೋಲಿಸಿ ಬಂಡವಾಳದ ಬಲವನ್ನು ಅಳೆಯುವ ಸಾಲ್ವೆನ್ಸಿ ಅನುಪಾತ 1.5ಕ್ಕಿಂತ ಕೆಳಗಿಳಿಯಬಾರದೆಂಬ ನಿಯಮವಿದೆ. ಪ್ರಕಟಿತ ಅಂಕಿಯಂತೆ 38 ಕೋಟಿ ಕಳೆದುಕೊಂಡ ಕಂಪನಿ, ಸಾಮಾನ್ಯ ವರ್ಷದಲ್ಲಿ ಅದಕ್ಕೆ 41 ಕೋಟಿ ಸೇರಿಸಿ 79 ಕೋಟಿ ಕಳೆದುಕೊಳ್ಳಬಹುದು. ಬಡ್ಡಿ ಅದರಲ್ಲಿ ಅರ್ಧವನ್ನಷ್ಟೇ ತುಂಬುತ್ತದೆ. ಉಳಿದರ್ಧವನ್ನು ಷೇರುದಾರರೇ ಹಾಕಬೇಕು, ಇಲ್ಲವೇ ನಷ್ಟ ತರುವ ವ್ಯಾಪಾರವನ್ನು ಕಂಪನಿ ಕಡಿಮೆ ಮಾಡಬೇಕು.