ಪೆಟ್ರೋಲಿನ ತಳದಲ್ಲಿ ನಿಂತದ್ದು ನೀರೇ?

ಮಳೆಗಾಲದಲ್ಲಿ ಬಂಕ್‌ನಿಂದ ಹೊರಟ ಸ್ಕೂಟರ್ ಎರಡು ಮೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಜಗ್ಗಿ ನಿಂತು, ಎಷ್ಟು ಸೆಲ್ಫ್ ಒತ್ತಿದರೂ ಸ್ಟಾರ್ಟ್ ಆಗದಿದ್ದರೆ ಮೊದಲು ನೀರಿನ ಮೇಲೆ ಅನುಮಾನಪಡಬೇಕು. ಪೈಪಿನಲ್ಲೂ ಫಿಲ್ಟರ್‌ನಲ್ಲೂ ಉಳಿದಿದ್ದ ಹಳೆಯ ಪೆಟ್ರೋಲ್ ತೀರುವವರೆಗೆ ಗಾಡಿ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಅದೇ ಹೊತ್ತಿಗೆ ಅಲ್ಲೇ ತುಂಬಿಸಿಕೊಂಡ ಇನ್ನೂ ಕೆಲವು ಗಾಡಿಗಳು ಕೈಕೊಟ್ಟಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಸೀಮೆಎಣ್ಣೆ ಬೆರೆತಿದ್ದರೆ ಲಕ್ಷಣವೇ ಬೇರೆ: ಏರಿನಲ್ಲಿ ಎಂಜಿನ್ ಟಕಟಕ ಬಡಿಯುತ್ತದೆ, ಎಳೆತ ಕುಗ್ಗುತ್ತದೆ.

ಈಗ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಸ್ವಲ್ಪ ನೀರನ್ನು ತನ್ನಲ್ಲೇ ಕರಗಿಸಿಕೊಳ್ಳುತ್ತದೆ. ಬಂಕ್‌ನ ನೆಲದಡಿಯ ಟ್ಯಾಂಕಿಗೆ ಮಳೆನೀರು ಇಳಿದು ಮಿತಿ ಮೀರಿದರೆ, ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತವೆ. ಆ ತಳದ ದ್ರವ ನಾಝಲ್‌ನಿಂದ ಬಂದರೆ ಎಂಜಿನ್ ನಡೆಯುವುದಿಲ್ಲ.

ಮನೆಯಲ್ಲಿ ನೋಡಬೇಕೆಂದರೆ, ಎಂಜಿನ್ ತಣ್ಣಗಾದ ಮೇಲೆ, ಬಯಲಲ್ಲಿ, ಬೆಂಕಿಯ ಸುಳಿವಿಲ್ಲದ ಕಡೆ ಮೆಕ್ಯಾನಿಕ್ ಕೈಯಿಂದ ಟ್ಯಾಂಕಿನ ತಳದ ಪೆಟ್ರೋಲನ್ನು ಸ್ವಚ್ಛವಾದ, ಒಣಗಿದ ಗಾಜಿನ ಬಾಟಲಿಗೆ ಇಳಿಸಿಕೊಳ್ಳಿ. ಅರ್ಧ ಗಂಟೆ ಅಲುಗಾಡಿಸದೆ ಇಡಿ. ಒಂದೇ ಪದರವಾಗಿ ತಿಳಿಯಾಗಿದ್ದರೆ ಬೇರ್ಪಟ್ಟ ನೀರಿಲ್ಲ. ನಡುವೆ ಗೆರೆ ಎಳೆದಂತೆ ಎರಡು ಪದರ ಕಂಡರೆ ಗಾಡಿ ನಿಂತ ಕಾರಣ ಸಿಕ್ಕಿತು.

ಇಲ್ಲೇ ಅನೇಕರು ಎಡವುತ್ತಾರೆ. ಪೆಟ್ರೋಲಿಗೆ ತಾವೇ ನೀರು ಹಾಕಿ, ಕೆಳಗೆ ಪದರ ಕಂಡೊಡನೆ ಮೋಸವೆಂದು ವಿಡಿಯೊ ಮಾಡುತ್ತಾರೆ. ಶೇ 20ರ ಮಿಶ್ರಣದ 80 ಮಿಲಿ ಪೆಟ್ರೋಲಿಗೆ 20 ಮಿಲಿ ನೀರು ಹಾಕಿ ಕುಲುಕಿ ನೋಡಿ. ಕೆಳಪದರ 20ರಲ್ಲಿ ನಿಲ್ಲುವುದಿಲ್ಲ, ಸುಮಾರು 35ಕ್ಕೆ ಏರುತ್ತದೆ. ಹೆಚ್ಚಿದ್ದು ಪೆಟ್ರೋಲಿನಲ್ಲಿದ್ದ 16 ಮಿಲಿ ಎಥೆನಾಲ್. ಅದು ಕಲಬೆರಕೆಯಲ್ಲ.

ಬಂಕ್‌ನಲ್ಲೇ ಕೇಳಬಹುದಾದದ್ದು ಫಿಲ್ಟರ್ ಪೇಪರ್. ನಾಝಲ್ ತುದಿ ಒರೆಸಿಸಿ ಒಂದು ಹನಿ ಬೀಳಿಸಿ. ಶುದ್ಧ ಪೆಟ್ರೋಲ್ ಎರಡು ನಿಮಿಷದೊಳಗೆ ಆರಿಹೋಗುತ್ತದೆ, ಜಿಡ್ಡಿನ ಕಲೆ ಉಳಿದರೆ ಸೀಮೆಎಣ್ಣೆಯಂಥದ್ದು ಸೇರಿರಬಹುದು. ಬೇಗ ಆವಿಯಾಗುವ ಸಾಲ್ವೆಂಟ್ ಬೆರೆಸಿದ್ದರೆ ಈ ಪರೀಕ್ಷೆ ಅದನ್ನು ಹಿಡಿಯದು, ನೀರನ್ನೂ ಹಿಡಿಯದು. ಸಾಂದ್ರತೆಯನ್ನೂ ಅಳೆಸಬಹುದು: 15 ಡಿಗ್ರಿಗೆ ಲೆಕ್ಕ ಹಾಕಿದ ಅಂಕಿ ಅಂದಿನ ದಾಖಲೆಯ ಅಂಕಿಯಿಂದ ಘನಮೀಟರಿಗೆ 3 ಕಿಲೋಗಿಂತ ಹೆಚ್ಚು ದೂರ ಹೋಗಬಾರದು. ಹಗುರವಾದದ್ದನ್ನೂ ಭಾರವಾದದ್ದನ್ನೂ ಸರಿತೂಗಿಸಿ ಬೆರೆಸಿದವನು ಈ ಪರೀಕ್ಷೆಯನ್ನೂ ದಾಟಬಲ್ಲ. ಆಗ ಪ್ರಯೋಗಾಲಯವೇ ದಾರಿ.

ಗಾಡಿ ನಿಂತರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ. ನೀರು ಇಂಜೆಕ್ಟರ್‌ವರೆಗೂ ಹೋಗುತ್ತದೆ. ಸಮಯ ನಮೂದಾದ ಬಿಲ್ ಎತ್ತಿಡಿ. ಟ್ಯಾಂಕ್ ಬರಿದು ಮಾಡಿಸುವ ಮೊದಲೇ, ಬಂಕ್‌ನಲ್ಲಿ ಬರೆದಿರುವ ಕಂಪನಿ ಸಂಖ್ಯೆಗೆ ಕರೆಮಾಡಿ, ನಿಮಗೆ ಹಾಕಿದ ಅದೇ ನಾಝಲ್‌ನಿಂದ ಅಂದೇ ಮಾದರಿ ತೆಗೆಯುವಂತೆ ಕೇಳಿ. ಹೊಸ ಲೋಡ್ ಇಳಿದ ಮೇಲೆ ಆ ಮಾದರಿ ನಿಮ್ಮ ಪೆಟ್ರೋಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ.