ಡ್ರಿಪ್ ಹಾಕುವ ಮುನ್ನ ಹೃದಯದ ಲೆಕ್ಕ

ಎರಡು ದಿನದಿಂದ ವಾಂತಿ-ಭೇದಿಯಾಗಿ ಬಸವಳಿದ ಯುವಕನೊಬ್ಬ ಆಸ್ಪತ್ರೆಗೆ ಬಂದಿದ್ದಾನೆ. ಪಕ್ಕದ ಮಂಚದಲ್ಲಿ, ಹಿಂದೊಮ್ಮೆ ಹೃದಯಾಘಾತವಾಗಿದ್ದ ಹಿರಿಯರೊಬ್ಬರು ಕೂತಿದ್ದಾರೆ. ಅವರಿಗೆ ಕಾಲು ಊದಿದೆ, ಮಲಗಿದರೆ ಉಸಿರು ಕಟ್ಟುತ್ತದೆ. ಇಬ್ಬರಿಗೂ ವಿಪರೀತ ಸುಸ್ತು, ಇಬ್ಬರ ನಾಡಿಯೂ ಓಡುತ್ತಿದೆ. ಮನೆಯವರ ಮಾತೂ ಒಂದೇ: "ಒಂದು ಡ್ರಿಪ್ ಹಾಕಿ ಡಾಕ್ಟ್ರೇ." ಯುವಕನಿಗೆ ಅದು ಬೇಕೇ ಬೇಕು. ಹಿರಿಯರಿಗೆ ಅದೇ ಬಾಟಲಿ ಪ್ರಾಣಕ್ಕೆ ಎರವಾಗಬಹುದು. ವೈದ್ಯಕೀಯ, ನರ್ಸಿಂಗ್ ಮೊದಲ ವರ್ಷದ ಮಕ್ಕಳು ಬಾಯಿಪಾಠ ಮಾಡುವ ಪ್ರೀಲೋಡ್, ಆಫ್ಟರ್‌ಲೋಡ್, ಕಾಂಟ್ರಾಕ್ಟಿಲಿಟಿ ಎಂಬ ಮೂರು ಪದಗಳು ಕೆಲಸಕ್ಕೆ ಬರುವುದು ಇಲ್ಲಿಯೇ.

ಸೈಕಲ್ಲಿಗೆ ಗಾಳಿ ಹೊಡೆಯುವ ಕೈಪಂಪನ್ನು ನೆನೆಸಿಕೊಳ್ಳಿ. ಹಿಡಿಯನ್ನು ಎಷ್ಟು ಮೇಲಕ್ಕೆಳೆದಿರಿ, ಅಂದರೆ ಒತ್ತುವ ಮುನ್ನ ಒಳಗೆ ಎಷ್ಟು ಗಾಳಿ ತುಂಬಿತು ಎಂಬುದು ಪ್ರೀಲೋಡ್. ಟಯರಿನೊಳಗೆ ಆಗಲೇ ಇರುವ ಒತ್ತಡ ಆಫ್ಟರ್‌ಲೋಡ್. ಅದನ್ನು ಮೀರಿಸಿದರೆ ಮಾತ್ರ ಗಾಳಿ ಒಳಹೋಗುತ್ತದೆ. ನಿಮ್ಮ ರಟ್ಟೆಯ ಕಸುವು ಕಾಂಟ್ರಾಕ್ಟಿಲಿಟಿ.

ಈಗ ಹೃದಯಕ್ಕೆ ಬನ್ನಿ. ವಿಶ್ರಾಂತಿಯಲ್ಲಿರುವ ಆರೋಗ್ಯವಂತರ ಎಡ ಹೃತ್ಕುಕ್ಷಿಯಲ್ಲಿ ಸುಮಾರು 120 ಮಿ.ಲೀ. ರಕ್ತ ತುಂಬುತ್ತದೆ. ಮಹಾಪಧಮನಿಯ ಒತ್ತಡ ಸುಮಾರು 80 ಇದ್ದರೆ, ಒಳಗಿನ ಒತ್ತಡ ಅದನ್ನು ದಾಟಿದಾಗಲೇ ಕವಾಟ ತೆರೆಯುತ್ತದೆ. ಒಂದು ಬಡಿತಕ್ಕೆ 70 ಮಿ.ಲೀ. ಹೊರಹೋಗಿ 50 ಉಳಿಯುತ್ತದೆ. ನಿಮಿಷಕ್ಕೆ 70 ಬಡಿತವೆಂದರೆ 4,900 ಮಿ.ಲೀ., ಹತ್ತಿರಹತ್ತಿರ ಐದು ಲೀಟರ್. ಕಾರ್ಡಿಯಾಕ್ ಔಟ್‌ಪುಟ್ ಎಂದರೆ ಇದೇ.

ಆದರೆ ಒಂದು ವಿಷಯದಲ್ಲಿ ಹೃದಯ ಪಂಪಿಗಿಂತ ಬೇರೆ. ಹಿಡಿಯನ್ನು ಹೆಚ್ಚು ಎಳೆದ ಮಾತ್ರಕ್ಕೆ ನಿಮ್ಮ ರಟ್ಟೆಗೆ ಬಲ ಬರುವುದಿಲ್ಲ. ಹೃದಯದ ಸ್ನಾಯುವಾದರೋ ಹೆಚ್ಚು ಹಿಗ್ಗಿದಷ್ಟೂ, ಒಂದು ಮಿತಿಯವರೆಗೆ, ಹೆಚ್ಚು ಬಲವಾಗಿ ಕುಗ್ಗುತ್ತದೆ. ಜರ್ಮನಿಯ ಒಟ್ಟೊ ಫ್ರಾಂಕ್ 1895ರಲ್ಲಿ ಕಪ್ಪೆಯ ಹೃದಯದಲ್ಲಿ ಇದನ್ನು ತೋರಿಸಿದರು. ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಮತ್ತು ಸಂಗಡಿಗರು 1914ರ ಹೊತ್ತಿಗೆ ನಾಯಿಯ ಹೃದಯದಲ್ಲಿ ಅದನ್ನು ವಿವರವಾಗಿ ಅಳೆದರು. ಬಂದಷ್ಟು ರಕ್ತವನ್ನು ಹೃದಯ ತಾನಾಗಿ ಮುಂದೆ ಸಾಗಿಸುವುದು ಈ ಗುಣದಿಂದಲೇ. ವಿದ್ಯಾರ್ಥಿಗಳು ಎಡವುವುದೂ ಇಲ್ಲೇ. ಹಿಗ್ಗಿದ್ದರಿಂದ ಬಂದ ಈ ಬಲ ಪ್ರೀಲೋಡಿನ ಲೆಕ್ಕಕ್ಕೆ ಸೇರಬೇಕು. ಹಿಗ್ಗುವಿಕೆ ಅಷ್ಟೇ ಇದ್ದು, ಅಡ್ರಿನಲಿನ್ ಪ್ರಭಾವದಿಂದ ಜೀವಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಿ ಬಲ ಏರಿದರೆ ಮಾತ್ರ ಅದು ಕಾಂಟ್ರಾಕ್ಟಿಲಿಟಿ.

ಯುವಕನ ಹೃದಯದಲ್ಲಿ ದೋಷವೇನೂ ಇಲ್ಲ. ನೀರು ಬತ್ತಿ ರಕ್ತದ ಪ್ರಮಾಣ ಇಳಿದಿದೆ, ಹಾಗಾಗಿ ಹೃತ್ಕುಕ್ಷಿ ತುಂಬುತ್ತಿಲ್ಲ. ಉದಾಹರಣೆಗೆ 120ರ ಬದಲು 80 ತುಂಬಿ, 40 ಹೊರಬರುತ್ತಿದೆ ಎನ್ನೋಣ. ನಾಡಿ 110ಕ್ಕೆ ಏರಿದರೂ ಔಟ್‌ಪುಟ್ 4.4 ಲೀಟರ್ ಮಾತ್ರ. ಡ್ರಿಪ್ ಕೊಟ್ಟರೆ ಕುಕ್ಷಿ ತುಂಬುತ್ತದೆ, ಸ್ನಾಯು ಹಿಗ್ಗುತ್ತದೆ, ಬಡಿತ ಬಲಗೊಳ್ಳುತ್ತದೆ.

ಹಿರಿಯರಲ್ಲಿ ಸೋತಿರುವುದು ಕಾಂಟ್ರಾಕ್ಟಿಲಿಟಿ. ಅವರ ಕುಕ್ಷಿಯಲ್ಲಿ 200 ಮಿ.ಲೀ. ತುಂಬಿದ್ದರೂ ಹೊರಬರುವುದು 50 ಎಂದಿಟ್ಟುಕೊಳ್ಳಿ. ಈ ಸ್ನಾಯುವನ್ನು ಇನ್ನಷ್ಟು ಹಿಗ್ಗಿಸಿದರೆ ಬಲ ಹೆಚ್ಚುವುದು ಅತ್ಯಲ್ಪ. ಹಿಂದೆ ನಿಂತ ರಕ್ತದ ಒತ್ತಡಕ್ಕೆ ಶ್ವಾಸಕೋಶದಲ್ಲಿ ನೀರು ಜಿನುಗುತ್ತದೆ. ಅಷ್ಟು ಸಾಲದೆಂಬಂತೆ, ಔಟ್‌ಪುಟ್ ಇಳಿದದ್ದನ್ನು ಗಮನಿಸಿದ ದೇಹ ಬಿಪಿ ಕಾಯ್ದುಕೊಳ್ಳಲು ರಕ್ತನಾಳಗಳನ್ನು ಬಿಗಿಮಾಡುತ್ತದೆ. ಹಾಗೆ ಆಫ್ಟರ್‌ಲೋಡ್ ಏರುತ್ತದೆ. ಗಟ್ಟಿ ಹೃದಯ ಅದನ್ನು ತಾಳಿಕೊಂಡೀತು. ಸೋತ ಹೃದಯದ ಔಟ್‌ಪುಟ್ ಇನ್ನೂ ಕುಸಿಯುತ್ತದೆ.

ಅದಕ್ಕೇ ಇಂಥವರಿಗೆ ನೀರು ಹೊರಹಾಕುವ ಫ್ಯುರೋಸೆಮೈಡ್ ಕೊಡುತ್ತಾರೆ, ಉಸಿರು ಹಗುರಾಗುತ್ತದೆ. ಬಿಪಿ ತಾಳುವಂತಿದ್ದರೆ ಎನಲಾಪ್ರಿಲ್‌ನಂಥ, ನಾಳ ಸಡಿಲಿಸುವ ಮಾತ್ರೆಯನ್ನೂ ಸೇರಿಸುತ್ತಾರೆ. "ಮೊದಲೇ ಸುಸ್ತು, ಬಿಪಿ ಇಳಿಸುವ ಮಾತ್ರೆ ಏಕೆ?" ಎಂದು ಮನೆಯವರು ಕೇಳುವುದು ಸಹಜ. ಎದುರಿನ ಒತ್ತಡ ಇಳಿದರೆ ಅದೇ ದುರ್ಬಲ ಸ್ನಾಯು 50ರ ಬದಲು 60 ಮಿ.ಲೀ. ತಳ್ಳಬಲ್ಲದು. ನಾಡಿ 90 ಇದ್ದರೆ ಅದು ನಿಮಿಷಕ್ಕೆ 900 ಮಿ.ಲೀ. ಲಾಭ.

ಇಬ್ಬರ ವ್ಯತ್ಯಾಸ ಮಂಚದ ಬಳಿಯೇ ತಿಳಿಯುತ್ತದೆ. ಯುವಕನ ನಾಲಗೆ ಒಣಗಿರುತ್ತದೆ, ಮಲಗಿದ್ದರೂ ಕತ್ತಿನ ರಕ್ತನಾಳ ಕಾಣುವುದಿಲ್ಲ. ಹಿರಿಯರು ಒರಗಿ ಕೂತಿದ್ದರೂ ಅದು ಉಬ್ಬಿ ಕಾಣುತ್ತದೆ, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರೆ ಕೆಳಭಾಗದಲ್ಲಿ ಚಿಟಚಿಟ ಸದ್ದು ಕೇಳುತ್ತದೆ. ವಾರ್ಡಿಗೆ ಹೋಗುವ ವಿದ್ಯಾರ್ಥಿಗಳೇ, ಯಾರಾದರೂ ಡ್ರಿಪ್ ಕೇಳಿದರೆ ಮೊದಲು ಆ ಕತ್ತನ್ನು ನೋಡಿ, ಬೆನ್ನಿಗೆ ಕಿವಿಗೊಡಿ.